ಮುಟ್ಟಿದ ಸುದ್ದಿ

ಹೆಡ್‌ಮಾಸ್ತರು ದುರ್ಬೀನಿನಿಂದ ಕಣ್ಣು ತೆಗೆಯದೆಯೇ "ಅಮಾತೆಪ್ಪ, ಆ ಕೆಂಪು ಕಾಲಿಂದು ಯಾವುದಪಾ?" ಎಂದು ಕೇಳಿದಾಗ ಅಮಾತೆಪ್ಪನ ಬಲಗೈ ಪ್ಯಾಂಟಿನ ಜೇಬಿನೊಳಗೆ ಫೋನನ್ನು ಹಿಡಿದುಕೊಂಡಿತ್ತು. ಬೋನಾಳ ಕೆರೆಯ ದಂಡೆಯಲ್ಲೇ ಹುಟ್ಟಿ ಬೆಳೆದವನಿಗೆ ಒಂದು ಹಕ್ಕಿಯ ಹೆಸರೂ ಗೊತ್ತಿರಲಿಲ್ಲ. ಚಳಿಗಾಲಕ್ಕೆ ಬರುತ್ತಿದ್ದವು, ಬಿಸಿಲು ಏರುತ್ತಿದ್ದಂತೆ ಹೋಗುತ್ತಿದ್ದವು, ಅಷ್ಟೇ. "ಕೊಕ್ಕರಿ ಸರ್" ಎಂದ. ಮಾಸ್ತರ ಹೆಂಡತಿ ಶಾಲಿನೊಳಗೆ ನಕ್ಕರು. ಬಾನಲ್ಲಿ ಹಾರುವುದೆಲ್ಲ ಈತನಿಗೆ ಕೊಕ್ಕರೆಯೇ ಎಂದು ಅವರು ಗಂಡನಿಗೆ ಹೇಳಿದ್ದು ಇವನಿಗೂ ಕೇಳಿಸಿತು, ಕೇಳಿಸಲೆಂದೇ ಹೇಳಿದ್ದರು. ಇವನೂ ನಕ್ಕ. ಸುರಪುರದ ಹೈಸ್ಕೂಲಿನಲ್ಲಿ ಗುಮಾಸ್ತನಾಗಿ ಅವನಿಗೆ ರೂಢಿಯಾಗಿದ್ದ ನಗೆ ಅದು, ಬೇಕೆಂದಾಗ ಬರುತ್ತಿತ್ತು, ಸಾಕೆಂದಾಗ ಹೋಗುತ್ತಿರಲಿಲ್ಲ. ಜೇಬಿನಿಂದ ಫೋನನ್ನು ಅರ್ಧ ಎಳೆದು ನೋಡಿದ. ತಂಗಿ ಭಾಗ್ಯಳಿಗೆ ಮುಂಜಾನೆ ಎದ್ದ ಕೂಡಲೇ ಹಾಕಿದ್ದ ಮೆಸೇಜಿನ ಕೆಳಗೆ ಇನ್ನೂ ಒಂದೇ ಟಿಕ್ ಇತ್ತು. ಅದರ ಮೇಲಿನದಕ್ಕೂ ಒಂದೇ. ಅಂದರೆ ಇವನ ಫೋನಿನಿಂದ ಹೋಗಿವೆ, ಅವಳ ಫೋನಿಗೆ ಮುಟ್ಟಿಲ್ಲ. ಇನ್ನೊಂದು ಕಡೆ, ಹೆಸರಿಲ್ಲದ ಯಾವುದೋ ನಂಬರಿನಿಂದ ರಾತ್ರಿಯೆಲ್ಲ ಬಂದ ಮಿಸ್ಡ್ ಕಾಲುಗಳು ಒಂದರ ಮೇಲೊಂದು ಕುಳಿತಿದ್ದವು. ವಿಮೆಯವರು ಇರಬೇಕು ಎಂದುಕೊಂಡ. ವಿಮೆಯವರು ನಡುರಾತ್ರಿ ಫೋನ್ ಮಾಡುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಪಕ್ಕಕ್ಕೆ ಸರಿಸಿ ಮಾಸ್ತರ ಮಗಳಿಗೆ ಕಲ್ಲು ಜಾರುತ್ತದೆ, ನೋಡಿ ಕಾಲಿಡು ಎಂದು ಹೇಳಿದ.

ನಿನ್ನೆ ಭಾಗ್ಯ ನಾಲ್ಕರ ಬಸ್ಸಿಗೇ ಹೋಗಬೇಕಿತ್ತು. ಯಾದಗಿರಿಯ ದವಾಖಾನೆಯಲ್ಲಿ ನರ್ಸು ಅವಳು, ಮರುದಿನ ಮುಂಜಾನೆಯ ಪಾಳಿ. ಒಂದು ದಿನದ ರಜೆಗೆ ತಾಯಿಯ ಮುಖ ನೋಡಿ ಹೋಗಲು ಬಂದವಳನ್ನು "ತಡಿ, ನಾನೇ ಗಾಡಿ ಮ್ಯಾಲ ಸುರಪುರಕ್ಕ ಬಿಡ್ತೀನಿ" ಎಂದು ತಡೆದವನು ಇವನೇ. ಬಿಡಲು ಇವನಿಗೆ ಪುರುಸೊತ್ತಾದದ್ದು ಮಾತ್ರ ಹೊತ್ತು ಮುಳುಗಿದ ಮೇಲೆ. ಮಾಸ್ತರು ಹಕ್ಕಿ ನೋಡಲು ಸಂಸಾರಸಮೇತ ಬರುತ್ತಾರೆ, ಮನೆಯಲ್ಲೇ ನಾಷ್ಟಾ, ಸುಸಲಾಕ್ಕೆ ಒಳ್ಳೆಯ ಮಂಡಕ್ಕಿ ಬೇಕು, ಭಜಿಗೆ ದಪ್ಪ ಮೆಣಸಿನಕಾಯಿ ಬೇಕು, ಅವರ ಹೆಂಡತಿಗೆ ಸಕ್ಕರೆ ಇಲ್ಲದ ಚಹಾ ಬೇಕಂತೆ, ಹಾಗಾದರೆ ಜತೆಗೆ ಏನು ಕೊಡಬೇಕು ಎಂದು ಇವನು ಸುರಪುರದ ಬಜಾರವನ್ನೆಲ್ಲ ತಿರುಗಿ ಬಂದಾಗ ಭಾಗ್ಯ ಚೀಲ ಹೆಗಲಿಗೇರಿಸಿ ಕಟ್ಟೆಯ ಮೇಲೆ ಕುಳಿತಿದ್ದಳು. ಮಧ್ಯಾಹ್ನದಿಂದ ಕರೆಂಟ್ ಇರಲಿಲ್ಲ, ಅವಳ ಫೋನಿನ ಚಾರ್ಜು ತಳ ಕಂಡಿತ್ತು. "ಇವತ್ತು ಇರ್ಲೇನಣ್ಣ? ನಸುಕಿನ ಬಸ್ಸಿಗಿ ಹೋದ್ರೂ ಡ್ಯೂಟಿಗಿ ಸಿಗ್ತೀನಿ" ಎಂದಿದ್ದಳು. ನಸುಕಿನಲ್ಲಿ ಇವನು ಮಾಸ್ತರನ್ನು ಎದುರುಗೊಳ್ಳಬೇಕೋ ಇವಳನ್ನು ಬಸ್ಸಿಗೆ ಬಿಡಬೇಕೋ? "ಈಗೇನು ಭಾಳ ಹೊತ್ತಾಗಿಲ್ಲ, ನಡಿ" ಎಂದಿದ್ದ. ಅವಳು ಎದ್ದಳು. ಅಣ್ಣ ಹೇಳಿದ ಮೇಲೆ ಎರಡು ಮಾತಾಡುವವಳಲ್ಲ.

ಆ ಮನೆಯಿಂದ ಯಾರಾದರೂ ಊರಿಗೆ ಹೊರಟರೆ ಅದೊಂದು ದೊಡ್ಡ ಏರ್ಪಾಟು. ಹೊರಟವರು ಹೋಗುತ್ತೇನೆ ಅನ್ನಬಾರದು, ಬರುತ್ತೇನೆ ಅನ್ನಬೇಕು. ಹೊಸ್ತಿಲು ದಾಟಿದವರನ್ನು ಹಿಂದಿನಿಂದ ಕೂಗಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಹೋದವರು ಮುಟ್ಟಿದ ಸುದ್ದಿ ಬರುವ ತನಕ ಮನೆಯ ಕಸ ಹೊಡೆಯಬಾರದು. ಹೊಡೆದರೆ ಹೋದವರ ದಾರಿಯನ್ನು ಅಳಿಸಿದಂತೆ ಎಂದು ಅಮಾತೆಪ್ಪನ ತಾಯಿ ದುರಗಮ್ಮ ಹೇಳುತ್ತಿದ್ದಳು. ಕಸಬರಿಗೆಯನ್ನು ತಾನೇ ತೆಗೆದು ಬಾಗಿಲ ಹಿಂದೆ ಮಲಗಿಸಿ ಇಡುತ್ತಿದ್ದಳು. ಹಿಂದೆ ಸುದ್ದಿ ಬರಲು ಎರಡು ಮೂರು ದಿನ ಹಿಡಿಯುತ್ತಿದ್ದಾಗ ಮನೆ ಏನಾಗುತ್ತಿತ್ತೋ ದೇವರೇ ಬಲ್ಲ. ಈಗ ಫೋನು ಬಂದು ಒಂದೆರಡು ತಾಸಿಗೆ ಇಳಿದಿತ್ತು. ಅಮಾತೆಪ್ಪ ಅದಕ್ಕೆ ತನ್ನದೂ ಕಾಯಿದೆಗಳನ್ನು ಸೇರಿಸಿದ್ದ. ಹತ್ತಿದ ಬಸ್ಸಿನ ನಂಬರು ಕಾಣುವಂತೆ ಫೋಟೊ ಹಾಕಬೇಕು. ಶಹಾಪುರದಲ್ಲಿ ಇಳಿದ ಮೇಲೆ ಒಂದು ಮೆಸೇಜು, ಯಾದಗಿರಿಯಲ್ಲಿ ರೂಮಿನ ಕೀಲಿ ತೆಗೆದ ಮೇಲೆ ಇನ್ನೊಂದು. ರಾತ್ರಿಯಾದರೆ ಶಹಾಪುರದಲ್ಲಿರುವ ಚಿಕ್ಕವ್ವನ ಮಗ ಬಸಲಿಂಗ ಬಸ್ ನಿಲ್ದಾಣದ ಗೇಟಿಗೆ ಬಂದು ನಿಂತಿರಬೇಕು, ಇವಳನ್ನು ಯಾದಗಿರಿ ಬಸ್ಸಿಗೆ ಹತ್ತಿಸಿ, ಕಂಡಕ್ಟರನಿಗೆ ಒಂದು ಮಾತು ಹೇಳಿ ಆಮೇಲೆ ಮನೆಗೆ ಹೋಗಬೇಕು. ಬಸಲಿಂಗನಿಗೆ ಮೋಟಾರು ರಿಪೇರಿಯ ಕೆಲಸ, ಮೈಯೆಲ್ಲ ಗ್ರೀಸು ಮಾಡಿಕೊಂಡೇ ಓಡಿ ಬರುತ್ತಿದ್ದ. "ಅವ ಬರೋ ತನಕ ಗೇಟ್ ಬಿಟ್ಟು ಅಲ್ಲಾಡಬ್ಯಾಡ, ಯಾವನ ಗಾಡಿನೂ ಹತ್ತಬ್ಯಾಡ" ಎಂದು ನಿನ್ನೆಯೂ ಸುರಪುರದಲ್ಲಿ ಬಸ್ಸಿನ ಕಿಟಕಿಯ ಕೆಳಗೆ ನಿಂತು ಹೇಳಿದ್ದ. "ಹೂಂ ಅಣ್ಣ, ಪ್ರತಿ ಸಲಾನೂ ಹೇಳ್ತಿ" ಎಂದು ಅವಳು ಕಿಟಕಿಯೊಳಗಿನಿಂದ ನಕ್ಕಿದ್ದಳು. ಮನೆಯವರ ಗ್ರೂಪಿನಲ್ಲಿ ಆ ಹೊತ್ತಿಗೆ ಹಾರೈಕೆಗಳು ಶುರುವಾಗಿದ್ದವು. ಗುರುಮಿಠಕಲ್ಲಿನ ಮಾವ ಎರಡು ಕೈ ಮುಗಿದ ಚಿತ್ರ ಹಾಕಿದ. ಯಾರೋ ರೈಲಿನ ಚಿತ್ರದ ಕೆಳಗೆ 'ಶುಭ ಪ್ರಯಾಣ' ಎಂದು ಬರೆದದ್ದನ್ನು ಹಾಕಿದರು, ಅವಳು ಹೋಗುತ್ತಿದ್ದದ್ದು ಬಸ್ಸಿನಲ್ಲಿ. 'ಹುಷಾರ ಹೋಗವ್ವ', 'ಹ್ಯಾಪಿ ಜರ್ನಿ', 'ಮುಟ್ಟಿದ ಮ್ಯಾಲ ತಿಳಸು'. ಭಾಗ್ಯ ಬಸ್ಸಿನ ಮುಖದ ಫೋಟೊ ಹಾಕಿ 'ಹತ್ತೇನಿ' ಎಂದು ಬರೆದಳು. ಅವಳಿಂದ ಬಂದದ್ದು ಅದೇ ಕಡೆಯದು.

"ಅಲ್ಲಿ ನೋಡ್ರಿ, ಮುಳುಗಿತು, ಮತ್ತ ಎದ್ದಿತು!" ಎಂದು ಮಾಸ್ತರ ಮಗಳು ಕೂಗಿದಳು. ಅಮಾತೆಪ್ಪ ಹೌದು ಎಂದು ತಲೆಯಾಡಿಸಿದ. ಅವನ ಕಣ್ಣ ಮುಂದೆ ಇದ್ದದ್ದು ನಿನ್ನೆ ರಾತ್ರಿಯ ನೆಲ. ಹಗಲೆಲ್ಲ ಜೋಳ ಹಸನು ಮಾಡಿ ಹೊಟ್ಟು ಪಡಸಾಲೆಯ ತುಂಬ ಹರಡಿತ್ತು, ಭಾಗ್ಯ ಬಂದಳೆಂದು ನೋಡಲು ಬಂದ ಹೆಂಗಸರು ಶೇಂಗಾ ತಿಂದು ಸಿಪ್ಪೆಯನ್ನು ಕುಂತಲ್ಲೇ ಬಿಟ್ಟು ಹೋಗಿದ್ದರು. ಅವನ ಹೆಂಡತಿ ಸವಿತಾ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು ಅದನ್ನೇ ನೋಡುತ್ತಿದ್ದಳು. "ನಸುಕಿನ್ಯಾಗ ನಿಮ್ಮ ಮಾಸ್ತರು ಬರ್ತಾರ. ಕಸ ಹೊಡಿಬೇಕು, ನೆಲ ಒರಸಬೇಕು, ರಂಗೋಲಿ ಹಾಕಬೇಕು. ಯಾವಾಗ ಮಾಡ್ಲಿ ಹೇಳ್ರಿ. ಈ ಮನ್ಯಾಗ ನಿಮ್ಮ ತಂಗಿ ಬಂದ್ರೂ ಕೆಲಸ, ಹೋದ್ರೂ ಕೆಲಸ ಬಂದ್" ಎಂದಳು. ಹೇಳಿದ್ದು ಸುಳ್ಳಲ್ಲ, ಅದಕ್ಕೇ ಚುಚ್ಚಿತು. ದುರಗಮ್ಮ ಬಾಗಿಲಿಗೆ ಒರಗಿ, ಮಗನ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು. ಓದಲು ಬಾರದು, ಆದರೆ ಮೆಸೇಜು ಬಂದ ಸಪ್ಪಳ ಅವಳಿಗೆ ಗೊತ್ತಿತ್ತು. ಸಪ್ಪಳವಾದಾಗಲೆಲ್ಲ ಮಗನ ಕಡೆ ಚಾಚುತ್ತಿದ್ದಳು. ಒಮ್ಮೆ ಸಿಮ್ಮಿನ ಕಂಪನಿಯವರದು, ಒಮ್ಮೆ ಗುರುಮಿಠಕಲ್ಲಿನ ಮಾವ ಹಾಕಿದ ಯಾವುದೋ ದೇವರದು. ಭಾಗ್ಯಳಿಗೆ ಫೋನ್ ಹಚ್ಚಿದರೆ ಸ್ವಿಚ್ ಆಫ್. ಚಾರ್ಜು ತೀರಿರುತ್ತದೆ, ರೂಮಿಗೆ ಹೋಗಿ ಹಚ್ಚಿಕೊಂಡು ತಿಳಿಸುತ್ತಾಳೆ ಎಂದು ಅಮಾತೆಪ್ಪ ಲೆಕ್ಕ ಹಾಕಿದ. ಈ ಹೊತ್ತಿಗೆ ಶಹಾಪುರ ದಾಟಿರುತ್ತಾಳೆ. ಭೀಮಾ ನದಿಯ ಸೇತುವೆಯನ್ನೂ ದಾಟಿರುತ್ತಾಳೆ. ದಾಟಿರಲೇಬೇಕು. ದಾಟಿಲ್ಲದಿದ್ದರೆ ಬಸಲಿಂಗನ ಫೋನ್ ಬರುತ್ತಿತ್ತಲ್ಲ?

ಆಗ ಫೋನು ಸಪ್ಪಳ ಮಾಡಿತು. ತಾಯಿ ಚಾಚಿದಳು. ನೋಡಿದರೆ ಗ್ಯಾಸ್ ಸಿಲಿಂಡರಿನದು, ನಿಮ್ಮ ಬುಕಿಂಗ್ ಆಗಿದೆ ಎಂದು. ಅದನ್ನು ಓದುತ್ತಿರುವಾಗ ಅವನ ಬಾಯಿ, ಇವನನ್ನು ಕೇಳದೆಯೇ, "ಬಂತು ನೋಡವ್ವ. ಮುಟ್ಟೇನಿ ಅಂತ ಹಾಕ್ಯಾಳ" ಎಂದಿತು. ಹೇಳಿದ ಮೇಲೆ ಅಯ್ಯೋ ಅನ್ನಿಸಲಿಲ್ಲ. ಒಂದು ತಾಸು ಮೊದಲು ಹೇಳಿದಂತಾಯಿತು, ಅಷ್ಟೇ ತಾನೆ, ಅವಳು ಮುಟ್ಟುವುದಂತೂ ಮುಟ್ಟುತ್ತಾಳೆ ಅನ್ನಿಸಿತು. ದುರಗಮ್ಮ ಫೋನನ್ನು ಇಸಿದುಕೊಂಡು ಗ್ಯಾಸ್ ಸಿಲಿಂಡರಿನ ಆ ಮೆಸೇಜನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ, "ಹಚ್ಚಿ ಕೊಡಪಾ, ಒಂದೀಟು ದನಿ ಕೇಳ್ತೀನಿ" ಎಂದಳು. "ಚಾರ್ಜಿಲ್ಲಂತವ್ವ, ಮುಂಜಾನಿ ಮಾತಾಡ್ತಾಳಂತ." "ಹಂಗಾದ್ರ ಬಸಲಿಂಗಗ ತಿಳಸು. ಪಾಪ, ಕಾಕೋಂತ ಕುಂತಿರ್ತಾನ. ನನ್ನ ಎದುರಿಗೇ ತಿಳಸು." ಹೀಗೆ ಕೇಳುತ್ತಾಳೆಂದು ಅವನು ಎಣಿಸಿರಲಿಲ್ಲ. ತಾಯಿ ಮುಖಕ್ಕೆ ಮುಖ ಕೊಟ್ಟು ನಿಂತಿದ್ದಳು, ಹಿಂದೆ ಸವಿತಾ ಆಗಲೇ ಬಾಗಿಲ ಸಂದಿಗೆ ಕೈ ಹಾಕಿದ್ದಳು. ಗ್ರೂಪಿನಲ್ಲಿ ಬರೆದ: 'ಭಾಗ್ಯ ಮುಟ್ಯಾಳ.' ಹೆಬ್ಬೆಟ್ಟುಗಳು, ಮುಗಿದ ಕೈಗಳು ಬರತೊಡಗಿದವು. ದುರಗಮ್ಮ ಸೊಸೆಯ ಕೈಯಿಂದ ಕಸಬರಿಗೆ ತೆಗೆದುಕೊಂಡು "ನಾ ಹೊಡಿತೀನಿ, ನೀ ನೀರು ತಗೊಂಬಾ" ಎಂದಳು. ಇಷ್ಟು ಹೊತ್ತು ತಡೆದದ್ದಕ್ಕೆ ಸೊಸೆಗೆ ಮಾಡಿಕೊಟ್ಟ ರಾಜಿ ಅದು.

ಬಸಲಿಂಗನ ಉತ್ತರ ಬಂದಾಗ ದುರಗಮ್ಮ ಪಡಸಾಲೆಯ ಅರ್ಧ ಮುಗಿಸಿದ್ದಳು. ಗ್ರೂಪಿನಲ್ಲೇ ಹಾಕಿದ್ದ. 'ಹೌದೇನಣ್ಣ? ನಾ ಇನ್ನೂ ಗೇಟಿನ್ಯಾಗೇ ನಿಂತೇನಿ. ಸುರಪುರ ಬಸ್ಸು ಬಂದೇ ಇಲ್ಲ.' ಅಮಾತೆಪ್ಪ ಅದನ್ನು ಓದಿದ, ಮತ್ತೆ ಓದಿದ. ಕಸಬರಿಗೆಯ ಸಪ್ಪಳ ಅವನ ಕಾಲ ಹತ್ತಿರ ಬಂದಿತ್ತು. ದುರಗಮ್ಮ "ಕಾಲೆತ್ತು" ಎಂದಳು, ಎತ್ತಿದ. ಈಗ ಹೇಳಬಹುದಿತ್ತು. ಅವ್ವ, ನಿಲ್ಲು, ಅದು ಅವಳದಲ್ಲ ಎನ್ನಬಹುದಿತ್ತು. ಹೇಳಿದರೆ ಅರ್ಧ ಹೊಡೆದ ಕಸ, ತಾಯಿಯ ಕೈಯಲ್ಲಿ ಕಸಬರಿಗೆ, ಸವಿತಾಳ ಮುಖ, ನಸುಕಿಗೆ ಮಾಸ್ತರು. ನಲವತ್ತರ ಗಂಡಸು ಒಂದು ನೆಲಕ್ಕಾಗಿ ತಾಯಿಗೆ ಸುಳ್ಳು ಹೇಳಿದ ಎಂದು ಹೆಂಡತಿಯ ಮುಂದೆ ಒಪ್ಪಿಕೊಳ್ಳಬೇಕಾಗುತ್ತಿತ್ತು. ಬಸಲಿಂಗ ಎಲ್ಲೋ ಚಹಾ ಕುಡಿಯಲು ಹೋದಾಗ ಬಸ್ಸು ಬಂದು ಹೋಗಿರಬೇಕು, ಅವನು ಮೊದಲಿನಿಂದಲೂ ಹಾಗೇ ಅಲ್ಲವೆ? ಅವನ ಬೆರಳುಗಳು ಬರೆದವು: 'ಬ್ಯಾರೆ ಗಾಡಿ ಸಿಕ್ಕಿತ್ತಂತ, ಸೀದಾ ಹೋಗ್ಯಾಳ. ನೀ ಮನಿಗಿ ಹೋಗು.' ಸ್ವಲ್ಪ ಹೊತ್ತಿಗೆ ಬಸಲಿಂಗನ ಹೆಬ್ಬೆಟ್ಟು ಬಂತು. ನೆಲ ಒರೆಸಿ, ದೀಪ ಆರಿಸಿದ ಮೇಲೆ ಅಮಾತೆಪ್ಪನಿಗೆ ಇನ್ನೊಂದು ಯೋಚನೆ ಹತ್ತಿತು. ಭಾಗ್ಯ ನಿಜವಾಗಿಯೂ ಮುಟ್ಟಿ, ನಿಜವಾದ ಮೆಸೇಜು ಹಾಕಿದಾಗ ಸಪ್ಪಳವಾದರೆ? ಪಕ್ಕದಲ್ಲೇ ಮಲಗಿದ ತಾಯಿ ಎದ್ದು ಯಾರದು ಎಂದು ಕೇಳಿದರೆ? ಫೋನನ್ನು ಸೈಲೆಂಟ್ ಮಾಡಿ, ಬೆಳಕೂ ಕಾಣದಂತೆ ಮುಖ ಕೆಳಗೆ ಮಾಡಿ ದಿಂಬಿನ ಕೆಳಗೆ ಇಟ್ಟ. ಒಳ್ಳೆಯ ನಿದ್ದೆ ಬಂದಿತ್ತು. ಈಗ ಕೆರೆಯ ದಂಡೆಯ ಮೇಲೆ ನಿಂತು ನೆನೆದರೆ ಎಲ್ಲಕ್ಕಿಂತ ಹೇಸಿಗೆಯೆನಿಸಿದ್ದು ಆ ನಿದ್ದೆಯೇ.

ಮಾಸ್ತರು ದುರ್ಬೀನನ್ನು ಹೆಂಡತಿಗೆ ಕೊಟ್ಟು, ನಿಮ್ಮ ಮನೆಯ ಸುಸಲಾ ಚೆನ್ನಾಗಿತ್ತು, ಮನೆಯನ್ನೂ ಸ್ವಚ್ಛ ಇಟ್ಟಿದ್ದೀರಿ ಎಂದರು. ಎಷ್ಟು ದಿನದಿಂದ ಕಾದಿದ್ದ ಮಾತು ಅದು! ಅಮಾತೆಪ್ಪ ಕೈ ಮುಗಿದು, ಒಂದು ಫೋನ್ ಮಾಡಿಕೊಂಡು ಬರುತ್ತೇನೆಂದು ಹೇಳಿ, ಜಾಲಿಗಿಡದ ಮರೆಗೆ ಹೋಗಿ ಆ ಹೆಸರಿಲ್ಲದ ನಂಬರಿಗೆ ಹಚ್ಚಿದ. ಒಂದೇ ರಿಂಗಿಗೆ ಎತ್ತಿದರು.

"ಹಲೋ, ಯಾರ್ರಿ? ರಾತ್ರಿ ಈ ನಂಬರ್‌ಲಿಂದ ಕಾಲ್ ಬಂದಿತ್ತು..."

"ಅಮಾತೆಪ್ಪ ಅಂದ್ರ ನೀವೇ ಏನ್ರಿ?" ಆ ಕಡೆಯ ದನಿ ನಿದ್ದೆಗೆಟ್ಟದ್ದಾಗಿತ್ತು. "ನಾ ನಸೀರುದ್ದೀನ ಅಂತ. ಶಹಾಪುರ ಬಸ್ ನಿಲ್ದಾಣದ ಹೊರಗ ಚಹಾದ ಅಂಗಡಿ ನಂದು. ಎಷ್ಟು ಸಲ ಹಚ್ಚೀನ್ರಿ ನಿಮಗ! ಪೋಲೀಸರೂ ಹಚ್ಚ್ಯಾರ. ಮನುಷ್ಯರು ಫೋನ್ ಎತ್ತಬೇಕ್ರಿ."

"ಏನಾಗ್ಯಾದ್ರಿ?"

"ನಿಮ್ಮ ತಂಗಿ ಏನ್ರಿ ಆ ಹುಡುಗಿ? ಸುರಪುರ ಬಸ್ಸು ಹತ್ತಿಗೂಡೂರ ದಾಟಿ ಕೆಟ್ಟು ನಿಂತಿತ್ತಂತ. ಭಾಳ ತಡಾ ಮಾಡಿ ಬಂತು. ಯಾದಗಿರಿ ಗಾಡಿ ಹೋಗಿಬಿಟ್ಟಿತ್ತು. ಫೋನ್ ಸತ್ತಾದ, ಅಣ್ಣನ ನಂಬರ್ ಒಂದೇ ಬಾಯಿಪಾಠ ಅದ ಅಂದ್ಲು, ನನ್ನ ಫೋನ್ ಕೊಟ್ಟೆ. ನೀವು ಎತ್ತಲಿಲ್ಲ. ಒಳಗ ಕುಂದ್ರವ್ವ, ಮುಂಜಾನಿ ಮೊದಲ ಗಾಡಿಗಿ ಹೋಗುವಂತಿ ಅಂದ್ರ ಕೇಳವಲ್ಲಳು. ನಮ್ಮ ಬಸಲಿಂಗಣ್ಣ ಗೇಟಿಗಿ ಬರ್ತಾನ, ನಾ ಗೇಟ್‌ನ್ಯಾಗೇ ನಿಂದ್ರಬೇಕು, ನಮ್ಮಣ್ಣ ಹೇಳ್ಯಾನ ಅಂದ್ಲು. ಅಲ್ಲೇ ಕತ್ತಲದಾಗ ರೋಡಿನ ಅಂಚಿಗಿ ನಿಂತಿದ್ಲು. ಯಾರದರ ಬೈಕ್ ಬಂದ್ರ ಇವನೇ ಏನ್ ಅಂತ ಮುಂದ ಬಂದು ನೋಡ್ತಿದ್ಲು. ಹತ್ತಿ ಹೇರಿದ ಗಾಡಿಯವ ಹಾಯಿಸಿ ಹೋದ್ನರಿ. ನಿಂದ್ರಸಲಿಲ್ಲ ಸೂಳೆಮಗ. ನಾವೇ ಎತ್ತಿ ದವಾಖಾನಿಗಿ ಒಯ್ದೆವು, ಅಲ್ಲಿಂದ ಕಲಬುರಗಿಗಿ ಕಳಸ್ಯಾರ. ಜೀವಕ್ಕೇನಿಲ್ಲ ಅಂದಾರ್ರಿ. ಕಾಲು ನೋಡ್ರಿ... ಹಲೋ? ಕೇಳಾಕತ್ತೀರೇನ್ರಿ?"

ಕೇಳುತ್ತಿದ್ದ. ದಂಡೆಯ ಮೇಲೆ ಮಾಸ್ತರ ಮಗಳು ಚಪ್ಪಾಳೆ ತಟ್ಟಿದ್ದಕ್ಕೆ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಅಷ್ಟು ಸಪ್ಪಳದಲ್ಲಿ ಏನನ್ನೂ ಕೇಳಿಸಿಕೊಳ್ಳದವನಂತೆ ನಟಿಸಲು ಒಂದು ಗಳಿಗೆ ಆಸೆಯಾಯಿತು. ಗೇಟ್ ಬಿಟ್ಟು ಅಲ್ಲಾಡಬ್ಯಾಡ ಎಂದಿದ್ದ. ಅಲ್ಲಾಡಿರಲಿಲ್ಲ ಅವಳು. ಬೇರೆ ಯಾರ ತಂಗಿಯಾದರೂ ಅಂಗಡಿಯೊಳಗೆ ಕುಳಿತು ಚಹಾ ಕುಡಿದು ಬೆಳಗು ಮಾಡುತ್ತಿದ್ದಳು. ಬೇರೆ ಯಾರ ಅಣ್ಣನಾದರೂ ಗೇಟಿನಲ್ಲಿ ನಿಂತವನನ್ನು ಮನೆಗೆ ಕಳಿಸುತ್ತಿರಲಿಲ್ಲ.

ಮನೆಗೆ ಬಂದಾಗ ದುರಗಮ್ಮ ಒರೆಸಿದ ನೆಲದ ಮೇಲೆ ಕುಳಿತು ಕಾಳು ಆರಿಸುತ್ತಿದ್ದಳು. ಮಗನ ಮುಖ ನೋಡಿಯೇ ಮೊರ ಕೆಳಗಿಟ್ಟಳು. ಅಪಘಾತವಾಗಿದೆ, ಕಲಬುರಗಿಯಲ್ಲಿದ್ದಾಳೆ, ಜೀವಕ್ಕೆ ಧಕ್ಕೆಯಿಲ್ಲ ಎಂದು ಅಮಾತೆಪ್ಪ ಒಂದೇ ಉಸಿರಿಗೆ ಹೇಳಿದ. ಅವಳು ಅಳಲಿಲ್ಲ. "ಯಾವಾಗ?" ಎಂದಳು. "ರಾತ್ರಿ." "ರಾತ್ರಿ ಯಾವಾಗ? ಮುಟ್ಟೇನಿ ಅಂತ ಹಾಕಿದ ಮ್ಯಾಲ ಮತ್ತ ಹೊರಗ ಯಾಕ ಹೋಗಿದ್ಲು?" ಅವನು ಬಾಗಿಲಲ್ಲಿ ನಿಂತಿದ್ದ. ಒಳಗೆ ಸವಿತಾ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ತಿಳಿಯಿತು. ದಾರಿಯುದ್ದಕ್ಕೂ ನಿಜವನ್ನೇ ಹೇಳಬೇಕೆಂದು ಬಂದಿದ್ದ, ಮಾತುಗಳನ್ನು ಜೋಡಿಸಿಕೊಂಡೂ ಇದ್ದ. ತಾಯಿಯ ಕಣ್ಣು ಅವನ ಮೇಲಿಂದ ಜಾರಿ ಮೂಲೆಯ ಕಸಬರಿಗೆಯ ಕಡೆ ಹೋದದ್ದನ್ನು ಕಂಡು ಹೆದರಿಬಿಟ್ಟ. "ಮುಟ್ಟಿರಲೇ ಇಲ್ಲವ್ವ ಅಕಿ. ಬಸ್ಸು ಕೆಟ್ಟಿತ್ತಂತ. ನೀ ಎಚ್ಚರ ಇರ್ತಿ, ಮಲಗಲಿ ಅಂತ ಸುಳ್ಳ ಹಾಕ್ಯಾಳ" ಎಂದ.

ದುರಗಮ್ಮ ತನ್ನ ಬಲಗೈಯನ್ನು ಮುಂದೆ ಹಿಡಿದು, ಅದು ಬೇರೆ ಯಾರದೋ ಎಂಬಂತೆ ನೋಡಿದಳು. "ಅಂದ್ರ ಅಕಿ ದಾರ್ಯಾಗ ಇದ್ದಾಗ ನಾ ಕಸ ಹೊಡದೆ" ಎಂದಳು. "ಸವಿತಾ ಹೊಡಿತಿದ್ಲು. ನಾನೇ ಕಸಗೊಂಡು ಹೊಡದೆ." ಕಸಬರಿಗೆಗೂ ಗಾಡಿಗೂ ಏನು ಸಂಬಂಧ ಎಂದು ಇವನು ಹೇಳಬಹುದಿತ್ತು, ಓದಿದವನು. ಬಸಲಿಂಗನನ್ನು ಗೇಟಿನಿಂದ ಕಳಿಸಿದವನಿಗೆ ಮಾತ್ರ ಆ ಸಂಬಂಧ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು. "ಹಂಗೆಲ್ಲ ಅನಬ್ಯಾಡವ್ವ" ಎಂದಷ್ಟೇ ಹೇಳಿ ಅಂಗಿ ಬದಲಿಸಲು ಒಳಗೆ ಹೋದ. ಅಡುಗೆಮನೆಯ ಬಾಗಿಲಲ್ಲಿ ಸವಿತಾ ಗಂಡನನ್ನು ನೋಡಿದಳು. ಅವಳೂ ಗ್ರೂಪಿನಲ್ಲಿದ್ದಳು, ಬಸಲಿಂಗನಿಗೆ ಇವನು ಬರೆದದ್ದನ್ನು ಓದಿದ್ದಳು, ಭಾಗ್ಯಳ ಮೆಸೇಜನ್ನು ಮಾತ್ರ ಇವನ ಫೋನಿನಲ್ಲೂ ಕಂಡಿರಲಿಲ್ಲ. ಚೀಲಕ್ಕೆ ಒಂದು ಚಾದರ, ನಾಲ್ಕು ರೊಟ್ಟಿ ಹಾಕಿ ಕೊಟ್ಟಳು. ಹೊರಡುವಾಗ ಯಾರೂ ಹುಷಾರ ಹೋಗು ಎನ್ನಲಿಲ್ಲ, ಅದನ್ನು ಅವನು ಅಂಗಳ ದಾಟಿದ ಮೇಲೆ ಗಮನಿಸಿದ.

ಕಲಬುರಗಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಅವನು ಗ್ರೂಪು ತೆರೆದ. ರಾತ್ರಿಯ ಸಾಲುಗಳು ಹಾಗೇ ಇದ್ದವು. ರೈಲಿನ ಚಿತ್ರ, ಮುಗಿದ ಕೈಗಳು, ಬಸ್ಸಿನ ಮುಖ, 'ಹತ್ತೇನಿ'. ಅದರ ಕೆಳಗೆ 'ಭಾಗ್ಯ ಮುಟ್ಯಾಳ'. ಅದರ ಮೇಲೆ ಬೆರಳು ಒತ್ತಿ ಹಿಡಿದ. ಯಾರಿಗೆ ಅಳಿಸಲಿ, ನಿನಗಷ್ಟೇ ಅಥವಾ ಎಲ್ಲರಿಗೂ ಎಂದು ಫೋನು ಕೇಳಿತು. ಎಲ್ಲರಿಗೂ ಎಂದ. ಇನ್ನೊಂದಕ್ಕೂ ಹಾಗೇ ಮಾಡಿದ. ಅಕ್ಷರ ಹೋದವು, ಜಾಗ ಹೋಗಲಿಲ್ಲ. ಎರಡು ಕಡೆ 'ಈ ಸಂದೇಶವನ್ನು ಅಳಿಸಲಾಗಿದೆ' ಎಂದು ಬಂದು, ಅವುಗಳ ನಡುವೆ ಬಸಲಿಂಗನ 'ನಾ ಇನ್ನೂ ಗೇಟಿನ್ಯಾಗೇ ನಿಂತೇನಿ' ಮೊದಲಿಗಿಂತ ಎದ್ದು ಕಾಣತೊಡಗಿತು. ಇದನ್ನು ಯೋಚಿಸಿರಲಿಲ್ಲ. ಶಹಾಪುರದಲ್ಲಿ ಬಸ್ಸು ನಿಂತಾಗ ಗೇಟಿನ ಕಡೆ ನೋಡಬಾರದೆಂದು ಕಣ್ಣು ಮುಚ್ಚಿಕೊಂಡ. ಚಹಾ ಮಾರುವವನ ಕೂಗು ಕೇಳಿದಾಗ, ಇಳಿದು ಹೋಗಿ ನಸೀರುದ್ದೀನನ ಕೈ ಹಿಡಿದು ನಿಮ್ಮಿಂದ ಉಳಿದಳು ಎನ್ನುವುದು ಮನುಷ್ಯನ ಕೆಲಸ ಎಂದು ತಿಳಿಯಿತು. ಬಸ್ಸು ಹೊರಡುವ ತನಕ ನಿದ್ದೆ ಬಂದವನಂತೆ ಕುಳಿತಿದ್ದ. ಯಾರೂ ಅವನನ್ನು ನೋಡುತ್ತಿರಲಿಲ್ಲ, ಆದರೂ ಕುಳಿತಿದ್ದ.

ಬಸಲಿಂಗ ವಾರ್ಡಿನ ಹೊರಗೇ ಸಿಕ್ಕಿದ. ಸುದ್ದಿ ತಿಳಿದ ಕೂಡಲೇ ಬಂದವನು, ಅವನ ಉಗುರಿನ ಸಂದಿಯಲ್ಲಿ ಗ್ರೀಸು ಹಾಗೇ ಇತ್ತು. ಬಾಗಿ ಅಣ್ಣನ ಕೈ ಹಿಡಿದುಕೊಂಡು ಅತ್ತುಬಿಟ್ಟ. "ನಾ ಇನ್ನೊಂದೀಟು ನಿಂತಿದ್ರ ಆಗ್ತಿತ್ತಣ್ಣ. ಚಳಿ ಆಗಾಕತ್ತಿತ್ತು, ನೀ ಹೋಗು ಅಂದಿ, ಹೋಗಿಬಿಟ್ಟೆ. ಮನಿ ಮುಟ್ಟಿ ಉಂಡು ಮಕ್ಕೊಂಡೆ. ನನ್ನ ಬಾಯಾಗ ಮಣ್ಣು ಬೀಳಲಿ." ಅಮಾತೆಪ್ಪ ಅವನ ಬೆನ್ನು ಸವರಿದ. ಸಮಾಧಾನ ಮಾಡುವವನ ಜಾಗದಲ್ಲಿ ತಾನು ನಿಂತದ್ದು, ಅದೂ ಅಷ್ಟು ಸಲೀಸಾಗಿ ನಿಂತದ್ದು ಕಂಡು ತನ್ನ ಕೈಯ ಮೇಲೆಯೇ ಸಿಟ್ಟು ಬಂತು. ಬಸಲಿಂಗ ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದ: "ಕಾಲು ತೆಗದಾರಣ್ಣ. ಮೊಣಕಾಲಿನ ಕೆಳಗ. ಉಳಸೋದು ಆಗಲಿಲ್ಲಂತ." ಸ್ವಲ್ಪ ತಡೆದು, ಬೇರೆ ಕಡೆ ನೋಡುತ್ತ, "ಅಕಿ ಫೋನು ಹತ್ತಿಗೂಡೂರದಾಗೇ ಬಂದ್ ಬಿದ್ದಿತ್ತಂತ. ಮೆಸೇಜ್ ಹಾಕೇ ಇಲ್ಲ ಅಂತಾಳ. ನೀ ಹಾಕಿದ್ದು ನಾ ಆಗಲೇ ಹೇಳೀನಿ ಅಕಿಗಿ" ಎಂದ. ಅಳಿಸಿದ ಸಾಲುಗಳ ಮಾತನ್ನು ಅವನು ಎತ್ತಲಿಲ್ಲ. ಹಿಡಿದಿದ್ದ ಕೈಯನ್ನು ಮಾತ್ರ ಬಿಟ್ಟ.

ಭಾಗ್ಯ ಎಚ್ಚರವಾಗಿದ್ದಳು. ಮುಖ ಒಂದು ಕಡೆ ಬಾತಿತ್ತು. ಎಂಟು ತಾಸು ನಿಂತು ದುಡಿಯುತ್ತಿದ್ದವಳು, ದಣಿವೆಂದರೆ ಏನಣ್ಣ ಎಂದು ನಗುತ್ತಿದ್ದವಳು, ಮಲಗಿದಲ್ಲಿಂದಲೇ ಸಲಾಯಿನಿನ ಹನಿಯನ್ನು ಎಣಿಸುವವಳಂತೆ ಮೇಲೆ ನೋಡುತ್ತಿದ್ದಳು. ಚಾದರದ ಕೆಳಗೆ ಒಂದು ಕಾಲು ಮುಗಿಯುವುದಕ್ಕೂ ಬಹಳ ಮೊದಲೇ ಇನ್ನೊಂದು ಮುಗಿದಿತ್ತು. ಅಮಾತೆಪ್ಪ ಅಲ್ಲಿಂದ ಕಣ್ಣು ಕಿತ್ತುಕೊಂಡು ತಲೆಯ ಹತ್ತಿರದ ಸ್ಟೂಲಿನ ಮೇಲೆ ಕುಳಿತ. "ಭಾಗಿ" ಎಂದ. ಅವಳು ತಿರುಗಿ ನೋಡಿದಳು. ಸಿಟ್ಟಿರಲಿಲ್ಲ. ತಿಳಿಯಬೇಕೆಂಬ ಆಸೆಯಷ್ಟೇ ಇತ್ತು. "ನಾ ಎಲ್ಲೂ ಹೋಗಲಿಲ್ಲಣ್ಣ, ಗೇಟಿನ್ಯಾಗೇ ನಿಂತಿದ್ದೆ" ಎಂದಳು. "ನಾ ಮುಟ್ಟೇನಿ ಅಂತ ನಿನಗ ಯಾರು ಹೇಳಿದ್ರು?"

ಅವನು ಬಾಯಿ ತೆರೆದ. ಮಾಸ್ತರು ಎಂದು ಶುರು ಮಾಡಬೇಕೋ, ಅವ್ವ ಎಂದೋ, ನೆಲ ಎಂದೋ? ಇಡೀ ರಾತ್ರಿಯನ್ನು ಒಂದು ಮಾತಿಗೆ ಇಳಿಸಿದರೆ ಮನೆಯ ಕಸ ಹೊಡೆಯಬೇಕಿತ್ತು ಎಂಬುದೊಂದೇ ಉಳಿಯುತ್ತಿತ್ತು, ಕಾಲಿಲ್ಲದ ತಂಗಿಗೆ ಅದನ್ನು ಹೇಗೆ ಹೇಳುವುದು? ಅಷ್ಟರಲ್ಲಿ ಜೇಬಿನಲ್ಲಿ ಫೋನು ರಿಂಗಾಯಿತು. ಸವಿತಾಳ ನಂಬರು, ಮಾತಾಡಿದ್ದು ದುರಗಮ್ಮ. ಮಗಳಿಗೆ ಕೊಡು ಎಂದಳು. ಭಾಗ್ಯಳ ಕೈಗೆ ಸೂಜಿ ಚುಚ್ಚಿದ್ದರಿಂದ ಅವನು ಸ್ಪೀಕರ್ ಹಾಕಿ ಅವಳ ಬಾಯಿಯ ಹತ್ತಿರ ಹಿಡಿದ. ಬಸಲಿಂಗ ಮಂಚದ ಕಾಲ ಕಡೆ ನಿಂತಿದ್ದ.

"ಭಾಗಿ, ನನ್ನ ಬಂಗಾರ, ಹ್ಯಾಂಗ ಅದಿ?" ಎಂದು ದುರಗಮ್ಮ ಕೇಳಿದಳು. "ಆರಾಮ ಅದೀನವ್ವ" ಎಂದಳು ಭಾಗ್ಯ. ಆಮೇಲೆ ಫೋನಿನಿಂದ ಬಂದ ದನಿ ಒಡೆದಿತ್ತು. "ಯಾಕವ್ವ ಹಂಗ ಮಾಡಿದಿ? ಮುಟ್ಟಲಾರದ ಮುಟ್ಟೇನಿ ಅಂತ ಯಾಕ ಸುಳ್ಳ ಹಾಕಿದಿ? ನಾ ಬೆಳತನಾ ಕುಂದ್ರತಿದ್ದೆಲ್ಲ, ನನಗೇನು ಆಗ್ತಿತ್ತು? ಅಣ್ಣ ಎಲ್ಲಾ ಹೇಳ್ಯಾನ. ನನ್ನ ಕೈಲೆ ಕಸ ಹೊಡಿಸಿದೆಲ್ಲ ತಾಯಿ..."

ವಾರ್ಡಿನಲ್ಲಿ ಯಾರೋ ಕೆಮ್ಮಿದರು. ಭಾಗ್ಯ ಅಣ್ಣನನ್ನು ನೋಡಿದಳು. ಅವಳಿಗೆ ಈಗ ಎಲ್ಲ ತಿಳಿದಿತ್ತು, ತಿಳಿಯುತ್ತಿದ್ದದ್ದನ್ನು ಅವನು ಆ ಬಾತ ಮುಖದ ಮೇಲೆ ಕಂಡ. ಬಸಲಿಂಗನೂ ಅವನನ್ನೇ ನೋಡುತ್ತಿದ್ದ. ಫೋನಿನಲ್ಲಿ ಅವ್ವನ ದನಿ, ಹಿಡಿದ ಕೈ ಇವನದು, ಬಾಯಿಗೂ ಫೋನಿಗೂ ಗೇಣು ದೂರ. ಅವ್ವ, ಹಾಕಿದ್ದು ನಾನು ಎಂದರೆ ಮುಗಿಯುತ್ತಿತ್ತು. ಭಾಗ್ಯ ಕಾದಳು. ಗೇಟಿನಲ್ಲಿ ಕಾದಂತೆಯೇ ಕಾದಿರಬೇಕು, ಅಣ್ಣ ಹೇಳಿದ್ದಾನೆ, ಬರುತ್ತಾನೆ ಎಂದು. ಅವನು ಫೋನನ್ನು ಇನ್ನಷ್ಟು ಅವಳ ಕಡೆ ಸರಿಸಿದ.

"ನೀ ಮಲಗಲಿ ಅಂತ ಹಾಕಿದ್ನವ್ವ" ಎಂದಳು ಭಾಗ್ಯ. "ನಂದೇ ತಪ್ಪಾತು. ನಿನ್ನ ಕೈದು ಏನಿಲ್ಲ."

ಆ ಕಡೆ ತಾಯಿ ಅಳತೊಡಗಿದಳು. ಅಮಾತೆಪ್ಪನ ಎದೆಯಲ್ಲಿ ಮುಂಜಾನೆಯಿಂದ ಕಟ್ಟಿಕೊಂಡಿದ್ದದ್ದು ಸಡಿಲಾಯಿತು, ಭುಜಗಳು ತಾವಾಗಿ ಇಳಿದವು, ತಡೆಯುವ ಮೊದಲೇ ಬಾಯಿಂದ ದೀರ್ಘವಾದ ಒಂದು ಉಸಿರು ಹೊರಬಂತು. ಭಾಗ್ಯ ಅದನ್ನು ನೋಡಿದಳು.